ಬಲಗಡೆ ಮಾತ್ರ ಕ್ರಂಚಸ್ ಹೊಡೆದು ನೋಡಿದೆ

ಜಿಮ್ ನಡೆಸೋರಿಗೆ ಆಬ್ಸ್ ಬ್ಯಾಚ್‌ನ ಬೆಲೆ ಏನು ಅಂತ ಹೇಳಬೇಕಿಲ್ಲ. ನಮ್ಮಲ್ಲಿ ಸಂಜೆ ಹೊತ್ತು ಇಪ್ಪತ್ತು ಜನ ಬರ್ತಿದ್ದರು, ಮಾಮೂಲಿ ಫೀಸಿನ ಮೇಲೆ ತಲೆಗೆ 500 ರೂಪಾಯಿ. ಮ್ಯಾಟ್ ಹಾಸಿ ಅರ್ಧ ಗಂಟೆ ಸಿಟಪ್ಸ್, ಲೆಗ್ ರೈಸ್, ಸೈಕಲ್ ಕ್ರಂಚಸ್ ಮಾಡಿಸಿದರೆ ತಿಂಗಳಿಗೆ ಹತ್ತು ಸಾವಿರದ ಹತ್ತಿರ ಬರೋದು. ಆ ಬ್ಯಾಚ್ ನಿಲ್ಲಿಸ್ತೀನಿ ಅಂದಾಗ ಊರಿನ ಇಬ್ಬರು ಮೂವರು ಟ್ರೈನರ್‌ಗಳು ನಕ್ಕರು. ಒಬ್ಬರಂತೂ, "ಅಣ್ಣಾ, ಹೊಟ್ಟೆ ಕರಗ್ಸಾಕೆ ಅಂತಾನೇ ಜನ ಬರೋದು, ಅದನ್ನೇ ತೆಗೆದ್ರೆ ಬಾಗ್ಲು ಹಾಕ್ಕಂಡು ಹೋಗ್ಬೇಕಾಗುತ್ತೆ" ಅಂದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಿದ್ದಾರೆ. ಹಾಗಾಗಿ ಬರೀತಿದ್ದೀನಿ.

ಹೊಟ್ಟೆಯ ವ್ಯಾಯಾಮ ಹೊಟ್ಟೆಯ ಬೊಜ್ಜನ್ನೇ ಕರಗಿಸುತ್ತಾ ಅನ್ನೋ ಪ್ರಶ್ನೆಗೆ ಬೇರೆಯವರ ಮಾತು ನಂಬೋದಕ್ಕಿಂತ ಮೈಮೇಲೇ ನೋಡೋಣ ಅನ್ನಿಸಿತು. ಒಂದೇ ಮೈಯಲ್ಲಿ ಎರಡು ಪಕ್ಕ ಇವೆಯಲ್ಲ. ಒಂದು ಪಕ್ಕಕ್ಕೆ ಕೆಲಸ ಕೊಟ್ಟು ಇನ್ನೊಂದನ್ನು ಸುಮ್ಮನೆ ಬಿಟ್ಟರೆ ಊಟ, ನಿದ್ದೆ, ವಯಸ್ಸು ಎಲ್ಲಾ ಎರಡಕ್ಕೂ ಒಂದೇ. ಬೊಜ್ಜು ಇದ್ದ ಜಾಗದಲ್ಲೇ ಕರಗೋದು ನಿಜ ಆದರೆ ಕೆಲಸ ಮಾಡಿದ ಪಕ್ಕದಲ್ಲಿ ತೆಳುವಾಗಲೇಬೇಕು.

ನಾನು ಮತ್ತು ನಮ್ಮ ಜಿಮ್‌ನ ಇನ್ನೊಬ್ಬ ಹುಡುಗ, ಇಬ್ಬರೂ ಬಲಗಡೆ ಮಾತ್ರ ಮಾಡಿದ್ವಿ. ಬಲಕ್ಕೆ ಸೈಡ್ ಪ್ಲ್ಯಾಂಕ್, ಬಲಕ್ಕೆ ಸೈಡ್ ಕ್ರಂಚಸ್, ಬಲಕ್ಕೇ ಎಳೆಯೋ ಕೇಬಲ್. ವಾರಕ್ಕೆ ಐದು ದಿನ, ಹೆಚ್ಚುಕಡಿಮೆ ಎರಡೂವರೆ ತಿಂಗಳು. ಊಟ ಬದಲಾಯಿಸಲಿಲ್ಲ. 300 ರೂಪಾಯಿಯ ಪ್ಲಾಸ್ಟಿಕ್ ಕ್ಯಾಲಿಪರ್‌ನಲ್ಲಿ ಸೊಂಟದ ಮೂಳೆಯ ಮೇಲ್ಗಡೆ ಎರಡೂ ಪಕ್ಕ ಚರ್ಮ ಹಿಡಿದು ಅಳೆದ್ವಿ. ಅಳೆಯುವವ ಯಾವಾಗಲೂ ಒಬ್ಬನೇ ಇರಬೇಕು. ಪೆನ್ನಿನಲ್ಲಿ ಗುರುತು ಹಾಕಿಕೊಂಡು, ಹಿಡಿದು ಎರಡು ಸೆಕೆಂಡ್ ಬಿಟ್ಟು ಓದಬೇಕು. ಮೂರು ಸಲ ಅಳೆದು ಸರಾಸರಿ ತಗೋಬೇಕು. ಇಷ್ಟು ಮಾಡಿದರೂ ಆ ಕ್ಯಾಲಿಪರ್ ಒಂದು ಮಿಲಿಮೀಟರ್ ಆಚೀಚೆ ಹೇಳುತ್ತೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನನ್ನದು ಶುರುವಿನಲ್ಲಿ ಎರಡೂ ಕಡೆ 19ರ ಹತ್ತಿರ ಇತ್ತು. ಕೊನೆಯಲ್ಲೂ ಬಲ 19, ಎಡ 19. ಹುಡುಗನದ್ದೂ ಹಾಗೇ. ಆದರೆ ಸೈಡ್ ಪ್ಲ್ಯಾಂಕ್ ಬಲಗಡೆ ಒಂದು ನಿಮಿಷ ನಲವತ್ತು ಸೆಕೆಂಡ್‌ವರೆಗೆ ಹೋಯಿತು, ಎಡಗಡೆ ಒಂದು ನಿಮಿಷ ಮುಟ್ಟೋದೇ ಕಷ್ಟ ಆಗ್ತಿತ್ತು. ಅಂದರೆ ಸ್ನಾಯು ಕೆಲಸ ಮಾಡಿದೆ, ಬಲಿತಿದೆ, ಮೇಲಿನ ಬೊಜ್ಜು ಮಾತ್ರ ಕದಲಿಲ್ಲ. ಆಮೇಲೆ ಬಲಗಡೆ ಕೆಲಸ ಹಾಗೇ ಮುಂದುವರಿಸಿ ಊಟ ಕಡಿಮೆ ಮಾಡಿದೆ. ಎರಡು ತಿಂಗಳಲ್ಲಿ ಎರಡೂ ಪಕ್ಕ ಜೊತೆಜೊತೆಗೇ 14ಕ್ಕೆ ಇಳಿದವು. ಒಂದು ವ್ಯಾಯಾಮವನ್ನೂ ಕಾಣದ ಎಡ ಪಕ್ಕ ಬಲದಷ್ಟೇ ಕರಗಿತು. ಈ ಅಳತೆ ಕಂಡ ದಿನವೇ ಆಬ್ಸ್ ಬ್ಯಾಚ್ ಮುಚ್ಚೋದು ಅಂತ ತೀರ್ಮಾನ ಮಾಡಿದೆ.

ಇದನ್ನು ಮೊದಲು ನೋಡಿದವನು ನಾನೇನಲ್ಲ. 1971ರಲ್ಲಿ ಅಮೆರಿಕದಲ್ಲಿ ಟೆನಿಸ್ ಆಡೋರ ಎರಡೂ ಕೈ ಅಳೆದಿದ್ದರು. ರ‍್ಯಾಕೆಟ್ ಹಿಡಿಯೋ ಕೈ ದಪ್ಪ ಇತ್ತು, ಆದರೆ ಚರ್ಮದ ಕೆಳಗಿನ ಕೊಬ್ಬು ಎರಡರಲ್ಲೂ ಒಂದೇ. 1984ರಲ್ಲಿ ಇನ್ನೂ ಮುಂದೆ ಹೋಗಿ, 27 ದಿನಗಳಲ್ಲಿ ಒಟ್ಟು 5,004 ಸಿಟಪ್ಸ್ ಮಾಡಿಸಿ, ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆಯಿಂದ ಕೊಬ್ಬಿನ ಚೂರು ತೆಗೆದು ನೋಡಿದರು. ಕೊಬ್ಬಿನ ಕೋಶಗಳು ಮೂರೂ ಕಡೆ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದವು. ಕಾರಣ ಸರಳ. ಹೊಟ್ಟೆಯ ಸ್ನಾಯು ತನ್ನ ಮೇಲಿರೋ ಬೊಜ್ಜಿನಿಂದ ನೇರವಾಗಿ ಎಳೆದುಕೊಳ್ಳಲ್ಲ. ಬೊಜ್ಜು ರಕ್ತಕ್ಕೆ ಇಳಿಯುತ್ತೆ, ಸ್ನಾಯು ರಕ್ತದಿಂದ ತಗೊಳ್ಳುತ್ತೆ. ಯಾವ ಜಾಗದ್ದು ಮೊದಲು ಇಳಿಯಬೇಕು ಅನ್ನೋದನ್ನು ಹಾರ್ಮೋನು, ವಂಶ, ಗಂಡು ಹೆಣ್ಣು, ವಯಸ್ಸು ಇವು ತೀರ್ಮಾನ ಮಾಡ್ತವೆ. 2023ರಲ್ಲಿ ನಾರ್ವೆಯವರು ಕೆಲವೇ ಗಂಡಸರ ಮೇಲೆ ಪ್ರಯೋಗ ಮಾಡಿ, ಓಟದ ಜೊತೆ ಹೊಟ್ಟೆಗೆ ತುಂಬಾ ಹೊತ್ತು ಹಗುರ ತೂಕದ ಕೆಲಸ ಕೊಟ್ಟರೆ ಮುಂಡದ ಕೊಬ್ಬು ಸ್ವಲ್ಪ ಹೆಚ್ಚು ಇಳಿಯಿತು ಅಂದಿದ್ದಾರೆ. ಅದೂ ಮುಕ್ಕಾಲು ಕೇಜಿಯ ಒಳಗಿನ ಮಾತು, ಎರಡೂ ಗುಂಪಿನ ಒಟ್ಟು ಕೊಬ್ಬು ಸರಿಸುಮಾರು ಒಂದೇ ಇಳಿದಿತ್ತು. ಒಂದು ಸಣ್ಣ ಪ್ರಯೋಗ ನಂಬಿ ಜನರ ಹತ್ತಿರ ತಿಂಗಳಿಗೆ 500 ಇಸ್ಕೊಳ್ಳೋಕೆ ನನಗೆ ಮನಸ್ಸು ಬರಲ್ಲ.

ದುಡ್ಡು ಹೋದ ದಾರಿಗಳನ್ನೂ ಹೇಳಿಬಿಡ್ತೀನಿ. ಸೊಂಟಕ್ಕೆ ಕಟ್ಟಿ ನಡುಗಿಸೋ ಬೆಲ್ಟ್ ಮೆಷಿನ್‌ಗೆ ನಾಲ್ಕು ಸಾವಿರ ಆಯ್ತು, ಅದರಿಂದ ಕ್ಯಾಲಿಪರ್‌ನ ಮುಳ್ಳು ಅಲ್ಲಾಡಲಿಲ್ಲ. ಬೆವರಿನ ಬೆಲ್ಟುಗಳನ್ನು ಒಂದು ಡಜನ್ ತರಿಸಿದ್ದೆ. ಅದನ್ನು ಕಟ್ಟಿಸಿ ಒಬ್ಬರನ್ನು ಒಂದು ಗಂಟೆ ಟ್ರೆಡ್‌ಮಿಲ್ ಮೇಲೆ ಬಿಟ್ಟು ಮುಂಚೆ, ಆಮೇಲೆ ತೂಗಿದೆ. ಏಳು ನೂರು ಗ್ರಾಂ ಇಳಿದಿತ್ತು, ಟೇಪಿನಲ್ಲೂ ಒಂದೂವರೆ ಸೆಂಟಿಮೀಟರ್ ಕಡಿಮೆ. ನೀರು ಕುಡಿದು ಊಟ ಮಾಡಿ ಬಂದಾಗ ತೂಕ ಹಳೇ ಜಾಗದಲ್ಲಿ, ಸಂಜೆಗೆ ಟೇಪೂ ಹಳೇ ಜಾಗದಲ್ಲಿ. ಬೆವರು ಹೋಗಿತ್ತು, ಬೆಲ್ಟು ಒತ್ತಿದ್ದರಿಂದ ಹೊಟ್ಟೆ ಸ್ವಲ್ಪ ಹೊತ್ತು ಅದುಮಿಕೊಂಡಿತ್ತು, ಅಷ್ಟೇ. ಉಳಿದ ಬೆಲ್ಟುಗಳನ್ನು ಯಾರಿಗೂ ಮಾರಲಿಲ್ಲ.

ಈಗ ಕೆಲಸ ಆದ ಕಥೆ. ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯೋ ಅಣ್ಣ ಒಬ್ಬರು, ನಲವತ್ತೈದರ ಆಸುಪಾಸು, ತೂಕ 91, ಹೊಕ್ಕಳ ಮಟ್ಟದಲ್ಲಿ ಸುತ್ತಳತೆ 106 ಸೆಂಟಿಮೀಟರ್. ನಮ್ಮಲ್ಲಿ ಗಂಡಸರಿಗೆ 90 ದಾಟಿದರೆ ಡಾಕ್ಟರು ಎಚ್ಚರಿಸ್ತಾರೆ. ಬೇರೆ ಕಡೆ ವರ್ಷಾನುಗಟ್ಟಲೆ ದಿನಾ ನೂರಿನ್ನೂರು ಸಿಟಪ್ಸ್ ಹೊಡೆದಿದ್ದರು, ಸೊಂಟ ನೋವು ಬಂದಿತ್ತೇ ಹೊರತು ಹೊಟ್ಟೆ ಹಾಗೇ ಇತ್ತು. ಕಾಲು ಸಿಕ್ಕಿಸಿ ಸಿಟಪ್ಸ್ ಮಾಡಿದರೆ ತೊಡೆಸಂದಿಯ ಸ್ನಾಯುಗಳೇ ಅರ್ಧ ಕೆಲಸ ಮಾಡಿ ಬೆನ್ನನ್ನು ಜಗ್ಗುತ್ತವೆ ಅಂತ ನಿಮಗೆ ಗೊತ್ತಿರೋದೇ.

ಮೊದಲ ವಾರ ವ್ಯಾಯಾಮ ಹೇಳಲಿಲ್ಲ, ಏನು ತಿಂತೀರಿ ಅಂತ ಬರೆಸಿದೆ. ಅಂಗಡಿಯಲ್ಲಿ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಅದೇ ಇನ್ನೂರರ ಮೇಲೆ ಕ್ಯಾಲರಿ. ಸಂಜೆ ಮಂಡಕ್ಕಿ ಜೊತೆ ನಾಲ್ಕು ಮೆಣಸಿನಕಾಯಿ ಬಜ್ಜಿ. ಭಾನುವಾರ ಬೆಣ್ಣೆದೋಸೆ. ಒಂದು ದೊಡ್ಡ ಚಮಚ ಬೆಣ್ಣೆ ಅಂದರೆ ನೂರು ಕ್ಯಾಲರಿ, ಕ್ರಂಚಸ್‌ನಲ್ಲಿ ಅದನ್ನು ಕಳೆಯೋಕೆ ಅವರಿಗೆ ಕಾಲು ಗಂಟೆಗೆ ಮೇಲೆ ಬೇಕು. ನಿಲ್ಲಿಸದೆ ಕಾಲು ಗಂಟೆ ಕ್ರಂಚಸ್ ಮಾಡೋರು ಎಲ್ಲಿದ್ದಾರೆ? ಟೀ ಎರಡಕ್ಕೆ ಇಳಿಸಿದ್ವಿ, ಮಧ್ಯಾಹ್ನದ ಅನ್ನ ಅರ್ಧ ಮಾಡಿ ಕಾಳಿನ ಪಲ್ಯ, ಮೊಸರು ಹೆಚ್ಚಿಸಿದ್ವಿ, ರಾತ್ರಿಗೆ ಜೋಳದ ರೊಟ್ಟಿ ಎರಡು. ಬಜ್ಜಿ ವಾರಕ್ಕೊಂದು ಸಲ. ಭಾನುವಾರದ ಬೆಣ್ಣೆದೋಸೆ ನಿಲ್ಲಿಸಲಿಲ್ಲ. ಅದನ್ನು ವಾರದ ಲೆಕ್ಕದೊಳಗೆ ಹೇಗೆ ಕೂರಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ಬಿರುಸು ನಡಿಗೆ. ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ರೋ, ಪ್ರೆಸ್. ಹೊಟ್ಟೆಗೆ ಎರಡೇ ದಿನ, ಹತ್ತು ಹತ್ತು ನಿಮಿಷ, ಆದರೆ ಎದೆ ಭುಜಕ್ಕೆ ಮಾಡಿಸೋ ಹಾಗೆ ತೂಕ ಏರಿಸುತ್ತಾ. ಕೇಬಲ್ ಕ್ರಂಚ್ ಹತ್ತು ಹನ್ನೆರಡು ರೆಪ್ಸ್, ಮೊಣಕಾಲೂರಿ ರೋಲರ್, ಒಂದೇ ಕೈಯಲ್ಲಿ ಭಾರದ ಡಂಬೆಲ್ ಹಿಡಿದು ನೆಟ್ಟಗೆ ನಡೆಯೋದು. ಮೂವತ್ತು ಸೆಕೆಂಡಿನ ಪ್ಲ್ಯಾಂಕ್, ಆದರೆ ಪೃಷ್ಠ, ಹೊಟ್ಟೆ ಪೂರ್ತಿ ಬಿಗಿಹಿಡಿದು. ಇವನ್ನು ಯಾವ ಕ್ರಮದಲ್ಲಿ ಹಾಕ್ತೀನಿ ಅನ್ನೋದೂ ನನ್ನ ಹತ್ತಿರವೇ ಇರಲಿ.

ಮೊದಲ ಆರು ವಾರದಲ್ಲಿ ಟೇಪು ಐದು ಸೆಂಟಿಮೀಟರ್ ಇಳಿಯಿತು, ಹೊಕ್ಕಳ ಪಕ್ಕದ ಕ್ಯಾಲಿಪರ್ ಅಳತೆ ಮಾತ್ರ 38ರಿಂದ 36ಕ್ಕೆ ಬಂದಿತ್ತು, ಅಷ್ಟೇ. ಅಣ್ಣನವರಿಗೆ ಬೇಜಾರಾಯಿತು, ನನಗೆ ಖುಷಿ. ಗಟ್ಟಿ ಗುಂಡಗಿನ ಹೊಟ್ಟೆಯ ಗಂಡಸರಲ್ಲಿ ಕರುಳಿನ ಸುತ್ತ ಇರೋ ಒಳಗಿನ ಕೊಬ್ಬು ಮೊದಲು ಹೋಗುತ್ತೆ. ಆಗ ಸುತ್ತಳತೆ ಇಳಿದರೂ ಕೈಗೆ ಸಿಗೋ ಚರ್ಮದ ಮಡಿಕೆ ದಪ್ಪವಾಗೇ ಇರುತ್ತೆ. ಆರೋಗ್ಯಕ್ಕೆ ಹೆಚ್ಚು ಕೆಟ್ಟದ್ದು ಆ ಒಳಗಿನದೇ. ಇಲ್ಲಿ ಬಿಟ್ಟು ಹೋಗೋರೇ ಜಾಸ್ತಿ, ಅದಕ್ಕೇ ಎರಡೂ ಅಳತೆ ಇಡಬೇಕು ಅನ್ನೋದು.

ಐದು ತಿಂಗಳ ಕೊನೆಗೆ ತೂಕ 82, ಸುತ್ತಳತೆ 96ರ ಹತ್ತಿರ, ಕ್ಯಾಲಿಪರ್ 27. ಒಂದು ಕೇಜಿ ಕೊಬ್ಬಿಗೆ 7,700 ಕ್ಯಾಲರಿ ಅಂತ ಹಿಡಿದರೆ ಒಂಬತ್ತು ಕೇಜಿಗೆ ದಿನಕ್ಕೆ ಸುಮಾರು 460 ಕೊರತೆ ಬರುತ್ತೆ. ಟೀ, ಅನ್ನ, ಬಜ್ಜಿ, ನಡಿಗೆ ಕೂಡಿಸಿ ನೋಡಿ, ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತೆ. ಹೊಟ್ಟೆಯ ವ್ಯಾಯಾಮದ ಪಾಲು ಅದರಲ್ಲಿ ಇಲ್ಲ ಅಂದರೂ ನಡೆಯುತ್ತೆ.

ಹಾಗಂತ ಆ ಹತ್ತು ನಿಮಿಷ ದಂಡ ಅಲ್ಲ. ಡೆಡ್‌ಲಿಫ್ಟ್ 40ರಿಂದ 100 ಕೇಜಿ ದಾಟಿತು, ಹೊಟ್ಟೆ ಬಿಗಿಹಿಡಿಯೋಕೆ ಬರದಿದ್ದರೆ ಅಷ್ಟು ಎತ್ತೋಕೆ ನಾನು ಬಿಡ್ತಿರಲಿಲ್ಲ. ದಿನವಿಡೀ ಗಲ್ಲಾ ಹತ್ತಿರ ಕೂತರೂ ಸೊಂಟ ಹಿಡಿಯೋದು ನಿಂತಿದೆ ಅಂತಾರೆ. ಬೊಜ್ಜು ಇಳಿದ ಮೇಲೆ ಮೇಲ್ಹೊಟ್ಟೆಯಲ್ಲಿ ಗೆರೆ ಕಾಣೋಕೆ ಶುರುವಾಯಿತು. ಅದು ತೂಕ ಹಾಕಿ ಬೆಳೆಸಿದ ಸ್ನಾಯು, ಬರೀ ಊಟ ಬಿಟ್ಟೋರಲ್ಲಿ ಆ ಗೆರೆ ಅಷ್ಟು ಬೇಗ ಬರಲ್ಲ.

ಇನ್ನೊಂದು ಹೇಳಲೇಬೇಕು. ಬಾಣಂತನ ಮುಗಿಸಿ ಬಂದ ಅಕ್ಕ ಒಬ್ಬರ ಹೊಟ್ಟೆ ಮುಂದೆ ಬಂದಿತ್ತು, ಆದರೆ ಕ್ಯಾಲಿಪರ್‌ಗೆ ಸಿಕ್ಕಿದ್ದು ಕಡಿಮೆ. ಅಂಗಾತ ಮಲಗಿ ತಲೆ ಎತ್ತಿಸಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬು ಬಂತು, ಹೊಕ್ಕಳ ಮೇಲೆ ಅವರದೇ ಬೆರಳು ಇಡಿಸಿದರೆ ಮೂರು ಬೆರಳು ಒಳಗೆ ಇಳಿಯಿತು. ಅದು ಬೊಜ್ಜಲ್ಲ, ಬಸಿರಿನಲ್ಲಿ ಹೊಟ್ಟೆಯ ಎರಡು ಸ್ನಾಯುಗಳ ನಡುವೆ ಅಗಲವಾದ ಜಾಗ. ಇಂಥವರಿಗೆ ಸಿಟಪ್ಸ್ ಹೇಳಬೇಡಿ, ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ. ನಾನು ಕಳಿಸಿದೆ, ಅವರು ಹೇಳಿಕೊಟ್ಟ ಉಸಿರಿನ ವ್ಯಾಯಾಮವನ್ನೇ ನಮ್ಮಲ್ಲಿ ಮುಂದುವರಿಸಿದ್ವಿ.

ಆಬ್ಸ್ ಬ್ಯಾಚ್ ಬಿಟ್ಟ ಮೊದಲ ಮೂರು ತಿಂಗಳು ಕೈ ಕಟ್ಟಿತು, ಏಳೆಂಟು ಜನ ಬೇರೆ ಜಿಮ್‌ಗೆ ಹೋದರು. ಈಗ ಎಪಿಎಂಸಿ ಕಡೆಯಿಂದಲೇ ಹದಿನೈದು ಜನ ಬೆಳಗಿನ ಬ್ಯಾಚ್‌ಗೆ ಬರ್ತಿದ್ದಾರೆ, ಫೀಸು ಮೊದಲಿಗಿಂತ ಹೆಚ್ಚೇ ಇದೆ. ಸೇರೋ ದಿನ ಒಬ್ಬೊಬ್ಬರಿಗೆ ಒಂದು ಟೈಲರ್ ಟೇಪು ಕೊಡ್ತೀನಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಹೊಕ್ಕಳ ಮಟ್ಟದಲ್ಲಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೀಬೇಕು. ಹಿಂದಿನ ರಾತ್ರಿ ಮಂಡಕ್ಕಿ ಮೆಣಸಿನಕಾಯಿ ತಿಂದಿದ್ದರೆ ಉಪ್ಪಿಗೆ ನೀರು ಹಿಡಿದು ಹೊಟ್ಟೆ ಉಬ್ಬಿರುತ್ತೆ, ಆ ದಿನದ ಅಳತೆ ಬರ್ಕೋಬೇಡಿ ಅಂತ ಮೊದಲೇ ಹೇಳಿರ್ತೀನಿ.