ಮ್ಯಾನೇಜರ್ ಹೇಳಿದ ‘ನಾಳೆ’ ಯಾವ ದಿನ?

ನಾನು ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮೇಲ್ವಿಚಾರಕ. ನಮ್ಮ ಮ್ಯಾನೇಜರ್ ಏನನ್ನೂ ಬರೆದು ಕಳುಹಿಸುವವರಲ್ಲ. ಮದುವೆ ಮನೆಯವರ ಜೊತೆ ಮಾತು ಮುಗಿಸಿ, ರಾತ್ರಿ ಮನೆ ಸೇರಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಆರೇಳು ನಿಮಿಷದ ಧ್ವನಿ ಸಂದೇಶ ಹಾಕುತ್ತಾರೆ. ಬೇಕಾದದ್ದೆಲ್ಲ ಅದರಲ್ಲಿ ಇರುತ್ತದೆ, ಆದರೆ ನೆನಪಾದ ಹಾಗೆ ಇರುತ್ತದೆ. ಭಾನುವಾರದ ಬಾಳೆಲೆ ಮೊದಲು ಬರುತ್ತದೆ, ಶನಿವಾರದ ಕೊಠಡಿ ಕೀಲಿಕೈ ಕೊನೆಗೆ.

ಒಂದು ಶುಕ್ರವಾರ ರಾತ್ರಿ ಹನ್ನೆರಡು ದಾಟಿದ ಮೇಲೆ ಬಂದ ಸಂದೇಶದಲ್ಲಿ ‘ನಾಳೆ ಸಂಜೆ ನಾಲ್ಕಕ್ಕೆ ಎರಡು ಟ್ಯಾಂಕರ್ ನೀರು ಹಾಕಿಸಿ’ ಎಂದಿದ್ದರು. ನಾನು ಕೇಳಿದ್ದು ಶನಿವಾರ ಬೆಳಗ್ಗೆ ಆರಕ್ಕೆ. ನನ್ನ ಪಾಲಿಗೆ ನಾಳೆ ಎಂದರೆ ಭಾನುವಾರ. ಇನ್ನೂ ಮಲಗದಿದ್ದ ಅವರ ಪಾಲಿಗೆ ಅದು ಶನಿವಾರ. ವರಪೂಜೆಯ ಹೊತ್ತಿಗೆ ಸಂಪು ತಳ ಕಂಡಿತು, ಅಡುಗೆಯವರು ಪಾತ್ರೆ ಹಿಡಿದು ನಿಂತರು. ಅಂದಿನಿಂದ ಸಂದೇಶವನ್ನು ಕೇಳುವ ಮೊದಲೇ ಅದು ಬಂದ ಸಮಯವನ್ನು ನೋಡುತ್ತೇನೆ. ಇಂದು, ನಾಳೆ, ನಾಡಿದ್ದು ಎಂಬ ಮಾತುಗಳನ್ನು ನನ್ನ ಪಟ್ಟಿಯೊಳಗೆ ಬಿಡುವುದಿಲ್ಲ. ವಾರದ ಹೆಸರನ್ನೇ ಬರೆಯುತ್ತೇನೆ.

ಮೊದಲ ಸಲ ಪೆನ್ನು ಮುಟ್ಟದೆ ಕೊನೆಯವರೆಗೆ ಕೇಳುತ್ತೇನೆ. ಮಾತನಾಡುತ್ತಲೇ ಮನಸ್ಸು ಬದಲಾಯಿಸುವುದು ಎಲ್ಲರ ಅಭ್ಯಾಸ. ಒಂದನೇ ನಿಮಿಷದಲ್ಲಿ ‘ಮೇಲಿನ ಹಾಲ್‌ಗೆ ತೊಂಬತ್ತು ಕುರ್ಚಿ ಹಾಕಿಸಿ’ ಎಂದವರು ಐದನೇ ನಿಮಿಷದಲ್ಲಿ ‘ಆಗಲೇ ಕುರ್ಚಿ ಹೇಳಿದೆನಲ್ಲ, ಅಷ್ಟು ಬೇಡ, ಐವತ್ತು ಸಾಕು’ ಎನ್ನುತ್ತಾರೆ. ಕೇಳುತ್ತ ಕೇಳುತ್ತಲೇ ಬರೆದರೆ ಪಟ್ಟಿಯಲ್ಲಿ ಎರಡೂ ಉಳಿಯುತ್ತವೆ.

ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಕೇಳುತ್ತೇನೆ. ‘ಮಾಡಿಸಿ, ತರಿಸಿ, ಕೊಡಿ, ನೋಡಿ’ ಎಂಬಂಥ ಕ್ರಿಯಾಪದ ಬಂದಲ್ಲೆಲ್ಲ ಒಂದು ಸಾಲು. ಪಕ್ಕದಲ್ಲಿ ಅದು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಬಂತೆಂದು ಗುರುತು ಹಾಕುತ್ತೇನೆ. ಆಮೇಲೆ ಅನುಮಾನ ಬಂದರೆ ಏಳು ನಿಮಿಷವನ್ನು ಮತ್ತೆ ಕೇಳಬೇಕಾಗಿಲ್ಲ. ಬರೀ ಸುದ್ದಿಯಾದ ಮಾತುಗಳನ್ನು ಬೇರೆ ಕಡೆ ಬರೆದಿಡುತ್ತೇನೆ. ವೇಗ ಹೆಚ್ಚಿಸಿ ಕೇಳುವ ಸೌಲಭ್ಯವನ್ನು ಮೊದಲ ಸಲಕ್ಕಷ್ಟೇ ಬಳಸುತ್ತೇನೆ. ವೇಗದಲ್ಲಿ ಎಂಬತ್ತು ಮತ್ತು ತೊಂಬತ್ತು ಒಂದೇ ರೀತಿ ಕೇಳುತ್ತವೆ, ‘ಆರೂವರೆ’ಯ ‘ವರೆ’ ನುಂಗಿಹೋಗುತ್ತದೆ.

ಆಮೇಲೆ ಸಾಲುಗಳನ್ನು ಕೆಲಸ ನಡೆಯುವ ಹೊತ್ತಿಗೆ ತಕ್ಕಂತೆ ಜೋಡಿಸುತ್ತೇನೆ. ಇಬ್ಬರು ಮಾಡಬೇಕಾದ ಕೆಲಸವಿದ್ದರೆ ಎರಡು ಸಾಲು ಮಾಡುತ್ತೇನೆ. ಇತ್ತೀಚಿನ ಒಂದು ಪಟ್ಟಿಯ ಮೊದಲ ಸಾಲುಗಳು ಹೀಗಿದ್ದವು:

1. ಶನಿವಾರ ಬೆಳಗ್ಗೆ 11ರೊಳಗೆ: ವಿದ್ಯುತ್ ಮೀಟರ್ ರೀಡಿಂಗ್‌ನ ಫೋಟೊ ತೆಗೆದು, ಹುಡುಗಿಯ ಕಡೆಯವರ ಸಹಿ ಪಡೆಯುವುದು (ಕಚೇರಿ)
2. ಶನಿವಾರ ಮಧ್ಯಾಹ್ನ 2ಕ್ಕೆ: ಕೆಳಗಿನ 3ನೇ ಕೊಠಡಿಯನ್ನು ಹುಡುಗಿಯ ತಾತನಿಗೆ ಕೊಡುವುದು. ಮಂಡಿ ನೋವು, ಕಮೋಡ್ ಬೇಕು (ರೂಮ್ ಬಾಯ್)
3. ಶನಿವಾರ ಸಂಜೆ 4ಕ್ಕೆ: ಟ್ಯಾಂಕರ್ 2 ಲೋಡ್, ಸಂಪಿನ ಮುಚ್ಚಳ ತೆಗೆದು ನೋಡುವುದು (ವಾಚ್‌ಮನ್)
4. ಶನಿವಾರ ಸಂಜೆ 5ಕ್ಕೆ: ಜನರೇಟರ್ ಹತ್ತು ನಿಮಿಷ ಓಡಿಸಿ ನೋಡುವುದು (ಎಲೆಕ್ಟ್ರಿಷಿಯನ್)

ಎರಡನೇ ಸಾಲಿನ ಮಂಡಿ ನೋವನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಹಿಂದೆ ಪಟ್ಟಿ ಚುಟುಕಾಗಿರಲಿ ಎಂದು ಕಾರಣಗಳನ್ನೆಲ್ಲ ಹೊಡೆದುಹಾಕುತ್ತಿದ್ದೆ. ಒಮ್ಮೆ 3ನೇ ಕೊಠಡಿಯ ನಲ್ಲಿ ಕೆಟ್ಟಿತು. ರೂಮ್ ಬಾಯ್ ಅದೇ ಮಹಡಿಯ 2ನೇ ಕೊಠಡಿಯನ್ನು ಕೊಟ್ಟ. ಅಲ್ಲಿ ಕಮೋಡ್ ಇರಲಿಲ್ಲ. ಎಂಬತ್ತು ದಾಟಿದ ಹಿರಿಯರು ರಾತ್ರಿಯೆಲ್ಲ ಕಷ್ಟಪಟ್ಟರು. ಅವನದೇನೂ ತಪ್ಪಿರಲಿಲ್ಲ, ಆ ಕೊಠಡಿಯೇ ಏಕೆ ಬೇಕೆಂದು ನಾನು ಬರೆದಿರಲಿಲ್ಲ. ಕೆಲಸದ ರೀತಿಯನ್ನು ಬದಲಿಸಬಲ್ಲ ಕಾರಣವಿದ್ದರೆ ಈಗ ಅದನ್ನೂ ಸಾಲಿನಲ್ಲೇ ಸೇರಿಸುತ್ತೇನೆ.

ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವುದಿಲ್ಲ. ನಡುವೆ ಹೊಸ ಕೆಲಸ ಸೇರಿಸಿ ಮತ್ತೆ ಎಣಿಸಿದರೆ, ಹಳೆಯ ಪಟ್ಟಿ ಹಿಡಿದವರು ‘7 ಆಯಿತು’ ಎಂದಾಗ ಯಾವ ಏಳು ಎಂದು ತಿಳಿಯುವುದಿಲ್ಲ. ಬೇಡವಾದದ್ದರ ಮುಂದೆ ‘ರದ್ದು’ ಎಂದು ಬರೆಯುತ್ತೇನೆ, ಹೊಸದಕ್ಕೆ ಕೊನೆಯ ಸಂಖ್ಯೆ ಕೊಡುತ್ತೇನೆ.

ಕೆಲಸದ ಹುಡುಗರಿಗೆ ಕಳುಹಿಸುವ ಮುನ್ನ ಪಟ್ಟಿ ಮ್ಯಾನೇಜರ್‌ಗೆ ಹೋಗುತ್ತದೆ. ಅನುಮಾನವಿರುವ ಸಾಲಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ಹೌದು ಅಥವಾ ಅಲ್ಲ ಎಂದು ಉತ್ತರಿಸುವಂತೆ ಕೇಳುತ್ತೇನೆ: ‘9, ಬಾಳೆಲೆ 600 ಸಾಕೇ?’ ಅವರು ಆಗಲೂ ಬರೆಯುವುದಿಲ್ಲ, ಧ್ವನಿಯಲ್ಲೇ ಹೇಳುತ್ತಾರೆ. ಆದರೆ ಅದು ಹತ್ತು ಸೆಕೆಂಡಿನದು: ‘ಒಂಬತ್ತಕ್ಕೆ ಏಳು ನೂರು ಮಾಡಿ, ಹನ್ನೊಂದು ಬೇಡ, ಉಳಿದದ್ದು ಸರಿ ಇದೆ.’