ಸ್ಕ್ಯಾನ್ ಪಕ್ಕಕ್ಕಿಡಿ, ತಾರೀಖು ಹೇಳಿ: ಹದಿಹರೆಯದಲ್ಲಿ ಪಿಸಿಓಎಸ್ ಪತ್ತೆ ಹೇಗೆ?

ಹದಿನಾಲ್ಕು ವರ್ಷದ ಹುಡುಗಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ತಾಯಿ ಸ್ಕ್ಯಾನ್ ಕವರನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದರು: "ಡಾಕ್ಟ್ರೇ, ಇವಳಿಗೆ ಪಿಸಿಒಡಿ ಅಂತೆ. ಆಗಸ್ಟ್‌ನಲ್ಲಿ ಮುಟ್ಟೇ ಆಗಲಿಲ್ಲ. ಮುಂದೆ ಮಕ್ಕಳಾಗೋದು ಕಷ್ಟ ಅಂದರು." ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ಎರಡೂ ಅಂಡಾಶಯಗಳಲ್ಲಿ ಹಲವು ಸಣ್ಣ ಕೋಶಕಗಳು. ಅಷ್ಟರ ಮೇಲೇ ಮಾತ್ರೆ ಶುರುವಾಗುವುದರಲ್ಲಿತ್ತು.

ಇಂಥ ಕವರುಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಜನ ಪಿಸಿಒಡಿ ಎನ್ನುವುದೂ ನಾವು ಪಿಸಿಓಎಸ್ ಎನ್ನುವುದೂ ಒಂದೇ: ಅಂಡಾಣು ಬಿಡುಗಡೆ ತಪ್ಪಿ, ಗಂಡು ಹಾರ್ಮೋನ್ ಹೆಚ್ಚುವ ತೊಂದರೆ. ಅದರ ಪತ್ತೆಯ ದಾರಿ ಸ್ಕ್ಯಾನಿನಿಂದ ಶುರುವಾಗುವುದಿಲ್ಲ. ಈ ವಯಸ್ಸಿನಲ್ಲಿ ಸ್ಕ್ಯಾನ್ ಆ ದಾರಿಯಲ್ಲಿ ಬರುವುದೂ ಇಲ್ಲ.

ಹಂತ 1: ಮೈನೆರೆದ ತಿಂಗಳು ಯಾವುದು?

ಹುಡುಗಿಯ ವಯಸ್ಸಿಗಿಂತ ಮುಖ್ಯವಾದದ್ದು ಮೊದಲ ಮುಟ್ಟಾಗಿ ಎಷ್ಟು ಕಾಲವಾಯಿತು ಎಂಬುದು. ಒಬ್ಬಳು ಹನ್ನೊಂದಕ್ಕೆ ಮೈನೆರೆದಿರುತ್ತಾಳೆ, ಇನ್ನೊಬ್ಬಳು ಹದಿನಾಲ್ಕಕ್ಕೆ. ಹದಿನೈದನೇ ವಯಸ್ಸಿನಲ್ಲಿ ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದರೆ ಒಬ್ಬಳಿಗೆ ಅನ್ಯಾಯವಾಗುತ್ತದೆ. ನಮ್ಮ ಹುಡುಗಿ ಮೈನೆರೆದದ್ದು ಹಿಂದಿನ ವರ್ಷ ಜೂನ್ 4ಕ್ಕೆ. ನನ್ನ ಬಳಿ ಬಂದದ್ದು ನವೆಂಬರ್ 20ಕ್ಕೆ. ಅಂದರೆ ಸುಮಾರು ಹದಿನೇಳೂವರೆ ತಿಂಗಳು.

ಹಂತ 2: ಚಕ್ರ ಎಣಿಸುವುದು

ಎಲ್ಲರೂ ಎಡವುವುದು ಇಲ್ಲಿ. ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಷ್ಟು ದಿನವೋ ಅದು ಒಂದು ಚಕ್ರ. ಸ್ರಾವ ನಿಂತ ದಿನದಿಂದ ಎಣಿಸಬಾರದು. ನಡುವೆ ಒಂದು ದಿನ ಬರಿಯ ಕಲೆಯಷ್ಟು ಕಂಡಿದ್ದನ್ನು ಮುಟ್ಟು ಎಂದು ಬರೆದರೆ ಒಂದು ಉದ್ದ ಚಕ್ರ ಎರಡಾಗಿ ತುಂಡಾಗುತ್ತದೆ, ಇರುವ ಏರುಪೇರು ಮುಚ್ಚಿಹೋಗುತ್ತದೆ. ಮಾತ್ರೆ ಕೊಟ್ಟು ತರಿಸಿದ ಸ್ರಾವವನ್ನಂತೂ ಲೆಕ್ಕಕ್ಕೇ ಹಿಡಿಯಬಾರದು. ಅದು ಮಾತ್ರೆಯ ತಾರೀಖು, ಅಂಡಾಶಯದ್ದಲ್ಲ.

ತಾಯಿಯ ಫೋನಿನಲ್ಲಿ ನಾಲ್ಕು ತಾರೀಖುಗಳಿದ್ದವು: ಜೂನ್ 20, ಜುಲೈ 29, ಸೆಪ್ಟೆಂಬರ್ 9, ಅಕ್ಟೋಬರ್ 18. ಆಗಸ್ಟ್ ಖಾಲಿ, ನಿಜ. ಆದರೆ ಬೆರಳು ಮಡಿಚಿ ಎಣಿಸಿ ನೋಡಿ: 39 ದಿನ, 42 ದಿನ, 39 ದಿನ. ಜುಲೈ ಕೊನೆಯಲ್ಲಿ ಒಂದು, ಸೆಪ್ಟೆಂಬರ್ ಮೊದಲಲ್ಲಿ ಇನ್ನೊಂದು ಬಂದರೆ ನಡುವಿನ ತಿಂಗಳು ಕ್ಯಾಲೆಂಡರಿನಲ್ಲಿ ಖಾಲಿ ಕಾಣಲೇಬೇಕು. "ಒಂದು ತಿಂಗಳು ತಪ್ಪಿತು" ಎಂದು ಬರುವ ದೂರುಗಳಲ್ಲಿ ಹೀಗೆ ತಪ್ಪೇ ಆಗದವು ಬೇಕಾದಷ್ಟಿರುತ್ತವೆ.

ಈಗ ಅಳತೆಗೋಲು. ಮೈನೆರೆದ ಮೊದಲ ವರ್ಷ ಚಕ್ರ ಹೇಗಿದ್ದರೂ ಅದನ್ನು ಕಾಯಿಲೆ ಎನ್ನುವಂತಿಲ್ಲ. ಒಂದರಿಂದ ಮೂರು ವರ್ಷದ ನಡುವೆ 21 ದಿನಕ್ಕಿಂತ ಕಡಿಮೆ ಅಥವಾ 45 ದಿನಕ್ಕಿಂತ ಹೆಚ್ಚಾದರೆ ಏರುಪೇರು. ಮೂರು ವರ್ಷ ದಾಟಿದ ಮೇಲೆ ದೊಡ್ಡವರ ಲೆಕ್ಕ: 21ಕ್ಕಿಂತ ಕಡಿಮೆ, 35ಕ್ಕಿಂತ ಹೆಚ್ಚು, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು. ಇವುಗಳ ಜೊತೆಗೆ, ಮೊದಲ ವರ್ಷ ಕಳೆದ ಮೇಲೆ ಒಂದೇ ಒಂದು ಚಕ್ರ 90 ದಿನ ಮೀರಿದರೂ ವೈದ್ಯರಿಗೆ ತೋರಿಸಬೇಕು. 15 ವರ್ಷವಾದರೂ ಮೈನೆರೆಯದಿದ್ದರೆ, ಅಥವಾ ಎದೆ ಬೆಳೆಯಲು ಶುರುವಾಗಿ ಮೂರು ವರ್ಷವಾದರೂ ಮುಟ್ಟಾಗದಿದ್ದರೆ ಆಗಲೂ.

ನಮ್ಮ ಹುಡುಗಿಯ 42 ದಿನ ಈ ಲೆಕ್ಕದಲ್ಲಿ ಸಹಜ. ಮೂವತ್ತು ವರ್ಷದವಳಿಗೆ ಅದೇ 42 ಸಹಜವಲ್ಲ.

ಈ ರಿಯಾಯಿತಿ ಯಾಕೆ? ಅಂಡಾಣು ಹೊರಬರಬೇಕಾದರೆ ಅದನ್ನು ಹೊತ್ತು ಬೆಳೆಯುತ್ತಿರುವ ಕೋಶಕದಿಂದ ಈಸ್ಟ್ರೋಜನ್ ಏರಬೇಕು, ಅದನ್ನು ಮೆದುಳು ಗುರುತಿಸಿ ಎಲ್‌ಎಚ್ ಎಂಬ ಹಾರ್ಮೋನನ್ನು ಒಮ್ಮೆಲೇ ಉಕ್ಕಿಸಬೇಕು. ಈ ಕೊಡುಕೊಳ್ಳುವಿಕೆ ಮೈನೆರೆದ ದಿನವೇ ಪಳಗಿರುವುದಿಲ್ಲ. ಗರ್ಭಕೋಶದ ಒಳಪದರ ಬೆಳೆದು ಉದುರುವಷ್ಟು ಈಸ್ಟ್ರೋಜನ್ ಇರುತ್ತದೆ, ಅಂಡಾಣು ಮಾತ್ರ ಬಿಡುಗಡೆಯಾಗಿರುವುದಿಲ್ಲ. ಹಾಗಾಗಿ ಮೊದಮೊದಲ ಮುಟ್ಟುಗಳಲ್ಲಿ ಬಹಳಷ್ಟು ಅಂಡಾಣುವಿಲ್ಲದ ಮುಟ್ಟುಗಳೇ. ಪಿಸಿಓಎಸ್‌ನಲ್ಲೂ ಅಂಡಾಣು ಬಿಡುಗಡೆ ತಪ್ಪುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಎರಡನ್ನೂ ಬೇರೆ ಮಾಡಿ ತೋರಿಸುವುದು ಕಾಲ ಮಾತ್ರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 28 ದಿನವನ್ನೇ ಹಿಡಿದು "ನಿಮ್ಮ ಮುಟ್ಟು 11 ದಿನ ತಡ" ಎಂದು ಕೆಂಪಕ್ಷರದಲ್ಲಿ ಹೆದರಿಸುವ ಆ್ಯಪ್‌ಗಳು ಈ ವಯಸ್ಸಿನವರಿಗೆ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೊಂದು ಸುತ್ತು ಹಾಕಿದರೆ ಸಾಕು. ಸುತ್ತು ಹಾಕುವವಳು ಹುಡುಗಿಯೇ ಆಗಿರಲಿ, ತಾಯಿಯಲ್ಲ.

ಹಂತ 3: ಗಂಡು ಹಾರ್ಮೋನ್ ಹೆಚ್ಚಿದೆಯೇ?

ಚಕ್ರದ ಏರುಪೇರು ಖಚಿತವಾದರೂ ಅದು ಅರ್ಧ ದಾರಿ. ಮಿಕ್ಕರ್ಧ ಆಂಡ್ರೋಜನ್, ಅಂದರೆ ಟೆಸ್ಟೋಸ್ಟೆರೋನ್ ಗುಂಪಿನ ಹಾರ್ಮೋನುಗಳು. ಹೆಣ್ಣುಮಕ್ಕಳಲ್ಲೂ ಇವು ಇರುತ್ತವೆ, ಹರೆಯದಲ್ಲಿ ಸಹಜವಾಗಿಯೇ ಏರುತ್ತವೆ. ಆದ್ದರಿಂದ ಹಣೆಯ ಮೇಲಿನ ನಾಲ್ಕು ಮೊಡವೆ ಸಾಕ್ಷಿಯಾಗುವುದಿಲ್ಲ. ಉರಿಊತದ ದೊಡ್ಡ ಮೊಡವೆಗಳು ಮುಖ, ಬೆನ್ನು ಹರಡಿ, ಹಚ್ಚುವ ಔಷಧಿಗೆ ಜಗ್ಗದಿದ್ದರೆ ಆಗ ನಾನು ಗಮನ ಕೊಡುತ್ತೇನೆ.

ಕೂದಲಿನ ಲೆಕ್ಕ ಹೆಚ್ಚು ನಂಬಿಕೆಯದು. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಕೆಳಭಾಗ, ಬೆನ್ನಿನ ಮೇಲ್ಭಾಗ, ಕೆಳಭಾಗ, ತೋಳು, ತೊಡೆ, ಹೀಗೆ ಒಂಬತ್ತು ಜಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತೇವೆ. ಇದಕ್ಕೆ ಫೆರಿಮನ್-ಗಾಲ್ವೆ ಅಂಕ ಎಂದು ಹೆಸರು. ಒಟ್ಟು 4ರಿಂದ 6 ಮುಟ್ಟಿದರೆ ಹೆಚ್ಚೆಂದು ಲೆಕ್ಕ, ಜನಾಂಗಕ್ಕೆ ತಕ್ಕಂತೆ ಗಡಿ ಸ್ವಲ್ಪ ಬದಲಾಗುತ್ತದೆ. ಎಣಿಸಬೇಕಾದದ್ದು ಕಪ್ಪಗೆ, ಒರಟಾಗಿ, ಉದ್ದ ಬೆಳೆಯುವ ಕೂದಲನ್ನು. ನವಿರು ರೋಮವನ್ನಲ್ಲ. ಹಿಂದಿನ ವಾರ ವ್ಯಾಕ್ಸಿಂಗ್ ಮಾಡಿಸಿಕೊಂಡು ಬಂದ ಹುಡುಗಿಯ ಮೈ ನೋಡಿ ಅಂಕ ಕೊಡಲಾಗುವುದಿಲ್ಲ. "ಎಲ್ಲೆಲ್ಲಿ ತೆಗೆಸ್ತೀಯಮ್ಮ?" ಎಂದು ಕೇಳಲೇಬೇಕು. ಸಾಧ್ಯವಾದರೆ ತಾಯಿಯನ್ನು ಐದು ನಿಮಿಷ ಹೊರಗೆ ಕೂರಿಸಿ ಕೇಳಬೇಕು.

ರಕ್ತಪರೀಕ್ಷೆಯಲ್ಲಿ ಒಟ್ಟು ಟೆಸ್ಟೋಸ್ಟೆರೋನ್ ಮತ್ತು ಅದನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಎಸ್‌ಎಚ್‌ಬಿಜಿ, ಎರಡನ್ನೂ ನೋಡಿ ಮುಕ್ತ ಟೆಸ್ಟೋಸ್ಟೆರೋನನ್ನು ಲೆಕ್ಕ ಹಾಕುವುದು ಸರಿಯಾದ ಕ್ರಮ. ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಈ ಫಲಿತಾಂಶಕ್ಕೆ ಅರ್ಥವಿಲ್ಲ, ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಾಯಬೇಕು. ಮೊದಲು ಮಾತ್ರೆ, ಆಮೇಲೆ ಪರೀಕ್ಷೆ ಎಂಬ ಅಡ್ಡದಾರಿ ಕೆಡಿಸುವುದು ಇದನ್ನೇ. "ಪಿಸಿಓಎಸ್ ಪ್ಯಾಕೇಜ್" ಎಂದು ಇಪ್ಪತ್ತು ಪರೀಕ್ಷೆ ಕಟ್ಟಿ ಮಾರುವುದನ್ನೂ ನಾನು ಒಪ್ಪುವುದಿಲ್ಲ. ಅದರಲ್ಲಿ ಬರುವ, ಎಲ್‌ಎಚ್ ಮತ್ತು ಕೋಶಕ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನುಗಳ ಅನುಪಾತವಾಗಲಿ, ಇನ್ಸುಲಿನ್ ಮಟ್ಟವಾಗಲಿ ಪತ್ತೆಯ ಮಾನದಂಡವೇ ಅಲ್ಲ.

ಹಂತ 4: ಬೇರೆ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು

ಥೈರಾಯ್ಡ್, ಪ್ರೊಲ್ಯಾಕ್ಟಿನ್, ಬೆಳಗಿನ ಹೊತ್ತು 17-ಹೈಡ್ರಾಕ್ಸಿ ಪ್ರೊಜೆಸ್ಟೆರೋನ್, ಬೇಕಿದ್ದರೆ ಗರ್ಭಧಾರಣೆಯ ಪರೀಕ್ಷೆ. ಮೂರನೆಯದನ್ನು ಬಿಡುವವರು ಹೆಚ್ಚು. ಅದು ಹಿಡಿಯುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ದೋಷ ಸೌಮ್ಯ ರೂಪದಲ್ಲಿದ್ದರೆ ಥೇಟ್ ಪಿಸಿಓಎಸ್‌ನಂತೆಯೇ ಕಾಣುತ್ತದೆ. ಕೆಲವೇ ತಿಂಗಳಲ್ಲಿ ಕೂದಲು ವಿಪರೀತ ಬೆಳೆದು ದನಿ ಗಡುಸಾದರೆ ಕಾಯುವ ಮಾತೇ ಇಲ್ಲ, ಆಂಡ್ರೋಜನ್ ಸ್ರವಿಸುವ ಗೆಡ್ಡೆಯನ್ನು ಕೂಡಲೇ ಹುಡುಕಬೇಕು. ಆಗ ಸ್ಕ್ಯಾನ್ ಬೇಕೇ ಬೇಕು.

ಹಂತ 5: ಪತ್ತೆಗಾಗಿ ಸ್ಕ್ಯಾನ್ ಮಾಡಿಸದಿರುವುದು

2003ರ ರಾಟರ್‌ಡ್ಯಾಮ್ ಮಾನದಂಡದಂತೆ ವಯಸ್ಕರಲ್ಲಿ ಮೂರರಲ್ಲಿ ಎರಡು ಸಾಕು: ಚಕ್ರದ ಏರುಪೇರು, ಹೆಚ್ಚಿದ ಆಂಡ್ರೋಜನ್, ಸ್ಕ್ಯಾನಿನಲ್ಲಿ ಬಹುಕೋಶಕದ ಅಂಡಾಶಯ. ಗೊಂದಲ ಹುಟ್ಟಿದ್ದು ಇದನ್ನೇ ಹುಡುಗಿಯರಿಗೂ ಅನ್ವಯಿಸಿದಾಗ. ಹರೆಯದ ಅಂಡಾಶಯದಲ್ಲಿ ಸಣ್ಣ ಕೋಶಕಗಳು ತುಂಬಿರುವುದು ಮಾಮೂಲು. ರಿಪೋರ್ಟ್ ಓದಿದವರು "ನೀರುಗುಳ್ಳೆ", "ಗಡ್ಡೆ" ಎಂದು ಬೆಚ್ಚುತ್ತಾರೆ. ಅವು ಅಂಡಾಣು ಹೊತ್ತ ಕೆಲವೇ ಮಿಲಿಮೀಟರಿನ ಚೀಲಗಳು, ಆ ವಯಸ್ಸಿನಲ್ಲಿ ಇರಬೇಕಾದವೇ. ಚಕ್ರ ತುಸು ಉದ್ದ ಇರುವ ಆರೋಗ್ಯವಂತ ಹುಡುಗಿಗೂ ಮೂರರಲ್ಲಿ ಎರಡು ಸುಲಭವಾಗಿ ಸಿಕ್ಕಿಬಿಡುತ್ತವೆ. ಹಾಗಾಗಿ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಮೈನೆರೆದು ಎಂಟು ವರ್ಷವಾಗುವ ತನಕ ಪಿಸಿಓಎಸ್ ಪತ್ತೆಗೆ ಸ್ಕ್ಯಾನ್ ಬೇಡ ಎಂದಿತು. 2023ರ ಪರಿಷ್ಕರಣೆ ವಯಸ್ಕರಿಗೆ ಸ್ಕ್ಯಾನಿನ ಬದಲು, ಕೋಶಕಗಳು ಸ್ರವಿಸುವ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯನ್ನು ಒಪ್ಪಿತು, ಹದಿಹರೆಯದವರಿಗೆ ಎರಡನ್ನೂ ಬೇಡವೆಂದಿತು.

ಹಂತ 6: ಹೆಸರಿಡುವುದು, ಅಥವಾ ಸದ್ಯಕ್ಕೆ ಇಡದಿರುವುದು

ಹುಡುಗಿಯರಲ್ಲಿ ಚಕ್ರದ ಏರುಪೇರು, ಆಂಡ್ರೋಜನ್ ಎರಡೂ ಇರಲೇಬೇಕು. ಹದಿನಾರರ ಇನ್ನೊಬ್ಬಳ ಉದಾಹರಣೆ ನೋಡಿ. ಮೈನೆರೆದು ನಾಲ್ಕು ವರ್ಷ, ತಾರೀಖುಗಳು ಜನವರಿ 8, ಮಾರ್ಚ್ 11, ಮೇ 2, ಜುಲೈ 25. ಅಂದರೆ 62, 52, 84 ದಿನ. ಮೂರು ವರ್ಷ ದಾಟಿದವಳಿಗೆ ಗಡಿ 35. ಮೇಲ್ದುಟಿ 2, ಗದ್ದ 2, ಕೆಳಹೊಟ್ಟೆ 3, ತೊಡೆ 1, ಕೂದಲಿನ ಅಂಕ 8. ಮುಕ್ತ ಟೆಸ್ಟೋಸ್ಟೆರೋನ್ ಹೆಚ್ಚು, ಉಳಿದ ಪರೀಕ್ಷೆಗಳೆಲ್ಲ ಸರಿ. ಅವಳಿಗೆ ಪಿಸಿಓಎಸ್ ಎಂದು ಹೇಳಲು ಸ್ಕ್ಯಾನ್ ಬೇಕಾಗಲಿಲ್ಲ.

ಎರಡರಲ್ಲಿ ಒಂದೇ ಇದ್ದರೆ "ಪಿಸಿಓಎಸ್‌ನ ಅಪಾಯ ಸಾಧ್ಯತೆ ಇದೆ" ಎಂದು ಬರೆದಿಟ್ಟು ನಿಗಾ ಇಡುತ್ತೇವೆ, ಮೈನೆರೆದ ಎಂಟು ವರ್ಷದೊಳಗೆ ಮತ್ತೆ ಅಳೆಯುತ್ತೇವೆ. ಅಷ್ಟರವರೆಗೆ ಕೈಕಟ್ಟಿ ಕೂರುವುದು ಎಂದಲ್ಲ. ಮೊಡವೆಗೆ, ಕೂದಲಿಗೆ, ತಿಂಗಳುಗಟ್ಟಲೆ ಬಾರದ ಮುಟ್ಟಿಗೆ ಚಿಕಿತ್ಸೆ ಕೊಡಲು ಕಾಯಿಲೆಯ ಹೆಸರು ಬೇಕಿಲ್ಲ. ಹೆಸರಿಗೆ ಮಾತ್ರ ತಡೆಯುತ್ತೇವೆ, ಏಕೆಂದರೆ ಹದಿನಾಲ್ಕಕ್ಕೆ "ಮಕ್ಕಳಾಗೋದು ಕಷ್ಟ" ಎಂದು ಕೇಳಿಸಿಕೊಂಡವಳು ಅದನ್ನು ಮನಸ್ಸಿನಲ್ಲೇ ಹೊತ್ತು ತಿರುಗುತ್ತಾಳೆ. ಅಂದಹಾಗೆ, ಪಿಸಿಓಎಸ್ ಇದ್ದವರಲ್ಲೂ ಬಹುಪಾಲು ಮಂದಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಔಷಧಿಯ ನೆರವು ಬೇಕಾಗುತ್ತದೆ.

ಮೊದಲ ಹುಡುಗಿಗೆ ಎರಡರಲ್ಲಿ ಒಂದೂ ಇರಲಿಲ್ಲ. ಚಕ್ರ ಸಹಜ, ಕೂದಲಿನ ಅಂಕ 1, ಮೂಗಿನ ಮೇಲೆ ಒಂದಷ್ಟು ಮೊಡವೆ. ರಕ್ತ ತೆಗೆಯಲೇ ಇಲ್ಲ. ಆರು ತಿಂಗಳ ತಾರೀಖು ಬರೆದುಕೊಂಡು ಬಾ, ಯಾವುದಾದರೂ ಎರಡರ ನಡುವೆ 90 ದಿನ ದಾಟಿದರೆ ಅಷ್ಟರೊಳಗೇ ಬಾ ಎಂದೆ. ತಾಯಿ ಕವರು ಎತ್ತಿಕೊಳ್ಳುತ್ತಾ ಕೇಳಿದರು, "ಹಾಗಾದರೆ ಈ ಸ್ಕ್ಯಾನ್?" ಹುಡುಗಿ ಅಷ್ಟರಲ್ಲಿ ನನ್ನ ಮೇಜಿನ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 18ರಿಂದ ಬೆರಳಿಟ್ಟು ಎಣಿಸುತ್ತಿದ್ದಳು. "ಇವತ್ತಿಗೆ 33, ಅಲ್ವಾ ಡಾಕ್ಟ್ರೇ?" ಎಂದಳು.