ಉಳಿಯದ 30 ಲಕ್ಷ: ತಡವಾದ ಪ್ರಾಜೆಕ್ಟಿನ ವರದಿ ಬರೆದ ನನ್ನ ಅನುಭವ

ಬೋರ್ಡ್ ಮೀಟಿಂಗಿಗೆ ಇನ್ನು ನಾಲ್ಕು ದಿನ ಇತ್ತು. ಏಳನೇ ತಿಂಗಳ ವರದಿಯ ಕರಡನ್ನು ನಿರ್ದೇಶಕರೊಬ್ಬರಿಗೆ ಮೊದಲೇ ತೋರಿಸಲು ಹೋಗಿದ್ದೆ. ಅವರು ಮಾರ್ಕೆಟಿಂಗಿನಲ್ಲಿ ಬೆಳೆದವರು. ಕಟ್ಟಡ, ಯಂತ್ರ ಇವೆಲ್ಲ ಅವರ ಕೆಲಸ ಅಲ್ಲ. ಅರ್ನ್ಡ್ ವ್ಯಾಲ್ಯೂ ಪುಟದಲ್ಲಿ ನಾನು ಒಂಬತ್ತು ಸಾಲಿನ ಪಟ್ಟಿ ಹಾಕಿದ್ದೆ. ಅವರ ಕಣ್ಣು ಅದರಲ್ಲಿ ಎರಡೇ ಸಾಲಿನ ಮೇಲೆ ನಿಂತಿತು. ಈವರೆಗಿನ ಯೋಜನೆ 360 ಲಕ್ಷ, ಈವರೆಗಿನ ಖರ್ಚು 330 ಲಕ್ಷ.

"ತಡ ಆಗಿರೋದು ಗೊತ್ತು ಬಿಡಿ. ಆದ್ರೆ 30 ಲಕ್ಷ ಉಳಿಸಿದ್ದೀರಲ್ಲ, ಒಳ್ಳೇದಾಯ್ತು" ಅಂದರು.

ನಿಜ ಹೇಳಬೇಕೆಂದರೆ ಆಗ ನಾವು 60 ಲಕ್ಷ ಜಾಸ್ತಿ ಖರ್ಚು ಮಾಡಿ ಕೂತಿದ್ದೆವು. ಅದೂ ಅದೇ ಪಟ್ಟಿಯಲ್ಲಿ ಇತ್ತು, ಐದನೇ ಸಾಲಿನಲ್ಲಿ, ಮೈನಸ್ ಗುರುತಿನ ಜೊತೆ. ಅವರು ಓದಿದ್ದು ತಪ್ಪಲ್ಲ. ಯೋಜನೆ ಮತ್ತು ಖರ್ಚು ಅಕ್ಕಪಕ್ಕ ಇದ್ದರೆ ಯಾರಾದರೂ ಕಳೆದು ನೋಡುತ್ತಾರೆ. ಆ ಎರಡನ್ನೂ ಪಕ್ಕಪಕ್ಕ ಇಟ್ಟವನು ನಾನು.

ಪ್ರಾಜೆಕ್ಟ್ ಇಷ್ಟೇ: ಒಂದು ಗೋದಾಮು, ಅದರೊಳಗೆ ಎಂಟು ಸಾಲು ಕನ್ವೇಯರ್. ಒಟ್ಟು ಬಜೆಟ್ 600 ಲಕ್ಷ, ಅವಧಿ 12 ತಿಂಗಳು. ಪಾಯ ಅಗೆಯುವಾಗ ಬಂಡೆ ಸಿಕ್ಕಿತು. ಕೊನೆಯ ಮೂರು ಸಾಲಿನ ಪಾಯ ಅಲ್ಲೇ ನಿಂತುಹೋಯಿತು.

ಅಲ್ಲೇ ಅವರ ಮುಂದೆ ಕೂತು ಪೆನ್ನು ತೆಗೆದೆ. "ಮೇಡಂ, ಒಂದು ಕಾಂಪೌಂಡ್ ಗೋಡೆ ಕಟ್ಟಿಸ್ತಿದ್ದೀರಿ ಅಂದ್ಕೊಳ್ಳಿ. ಹತ್ತು ಭಾಗ, ಒಂದೊಂದಕ್ಕೆ ಒಂದು ಲಕ್ಷ. ಇವತ್ತಿಗೆ ಆರು ಭಾಗ ಆಗಬೇಕಿತ್ತು. ಖರ್ಚಾಗಿರೋದು ಐದು ಲಕ್ಷ. ಒಂದು ಲಕ್ಷ ಉಳೀತು ಅಂತೀರಾ?" ಅವರು ತಕ್ಷಣ ಕೇಳಿದರು, "ಎಷ್ಟು ಭಾಗ ಎದ್ದಿದೆ?" ನಾಲ್ಕು ಅಂದೆ. "ಹಾಗಾದ್ರೆ ನಾಲ್ಕು ಲಕ್ಷದ ಗೋಡೆಗೆ ಐದು ಕೊಟ್ಟಿದ್ದೀನಿ. ಮೇಲೆ ಎರಡು ಭಾಗ ಹಿಂದೆ ಬೇರೆ."

ಅರ್ನ್ಡ್ ವ್ಯಾಲ್ಯೂ ಅಂದರೆ ಆ "ಎಷ್ಟು ಎದ್ದಿದೆ" ಅನ್ನುವ ಪ್ರಶ್ನೆಯ ಉತ್ತರ. ಮುಗಿದ ಕೆಲಸವನ್ನು ಬಜೆಟ್ಟಿನ ದರದಲ್ಲೇ ಬೆಲೆ ಕಟ್ಟುವುದು. ಖರ್ಚನ್ನು ಅದರ ಜೊತೆ ಹೋಲಿಸಬೇಕು, ಯೋಜನೆಯ ಜೊತೆ ಅಲ್ಲ. ನಮ್ಮ ಪ್ರಾಜೆಕ್ಟಿನಲ್ಲಿ ಆ ಸಂಖ್ಯೆ 270 ಲಕ್ಷ. 270ರ ಕೆಲಸಕ್ಕೆ 330 ಕೊಟ್ಟಿದ್ದೆವು.

ಮನೆಗೆ ಬಂದು ಪುಟವನ್ನು ಮೊದಲಿಂದ ಬರೆದೆ. ಪಟ್ಟಿ ತೆಗೆದು ಹಾಕಿದೆ. ಮೇಲೆ ಮೂರೇ ವಾಕ್ಯ ಬಂತು: "ಏಳನೇ ತಿಂಗಳ ಕೊನೆಗೆ 360 ಲಕ್ಷದ ಕೆಲಸ ಮುಗಿಯಬೇಕಿತ್ತು. ಮುಗಿದಿರುವುದು 270 ಲಕ್ಷದ ಕೆಲಸ. ಅಷ್ಟು ಕೆಲಸಕ್ಕೆ ನಾವು 330 ಲಕ್ಷ ಖರ್ಚು ಮಾಡಿದ್ದೇವೆ." ಈ ಕ್ರಮ ಬೇಕೆಂದೇ ಇಟ್ಟಿದ್ದು. ಮುಗಿದ ಕೆಲಸ ನಡುವೆ ಬಂದರೆ ಯೋಜನೆಯಿಂದ ಖರ್ಚನ್ನು ನೇರವಾಗಿ ಕಳೆಯಲು ದಾರಿ ಇರುವುದಿಲ್ಲ. ಇಂಡೆಕ್ಸುಗಳ ಲೆಕ್ಕ ಅನುಬಂಧಕ್ಕೆ ಹೋಯಿತು. ಅದರಲ್ಲಿ EV ಅಂದರೆ ಮುಗಿದ ಕೆಲಸದ ಬೆಲೆ, AC ಈವರೆಗಿನ ಖರ್ಚು, PV ಈವರೆಗಿನ ಯೋಜನೆ, BAC ಒಟ್ಟು ಬಜೆಟ್:

```
CPI  = EV / AC                 = 270 / 330 = 0.82
SPI  = EV / PV                 = 270 / 360 = 0.75
TCPI = (BAC - EV) / (BAC - AC) = 330 / 270 = 1.22
```

ಮೇಲಿನ ಮೂರರಲ್ಲಿ ಮೊದಲನೆಯದು ಮತ್ತು ಕೊನೆಯದು ಮಾತಾಗಿ ಪುಟಕ್ಕೆ ಬಂದವು. "ಈವರೆಗೆ ನಾವು ಕೊಟ್ಟ ಪ್ರತಿ 100ಕ್ಕೆ 82ರಷ್ಟು ಕೆಲಸ ಸಿಕ್ಕಿದೆ. 600ರೊಳಗೆ ಮುಗಿಸಬೇಕಾದರೆ ಇನ್ನು ಮುಂದೆ ಪ್ರತಿ 100ಕ್ಕೆ 122ರಷ್ಟು ಸಿಗಬೇಕು." ಹಳೆಯ ಬಜೆಟ್ಟಿನಲ್ಲೇ ಮುಗಿಸ್ತೀವಿ ಅನ್ನುವ ಮಾತು ಎಷ್ಟು ನಂಬಬಹುದು ಅನ್ನೋದನ್ನು ಓದುವವರೇ ತೂಗಿ ನೋಡಬಹುದು.

ಮಧ್ಯದ ಎಸ್‌ಪಿಐ ಮಾತ್ರ ಪುಟಕ್ಕೆ ಬರಲಿಲ್ಲ. ಅದನ್ನು ಹಣದಲ್ಲಿ ಹೇಳಿದರೆ "90 ಲಕ್ಷ ಹಿಂದಿದ್ದೇವೆ" ಅಂತಾಗುತ್ತದೆ. ಕೇಳುವವರಿಗೆ ಅದು 90 ಲಕ್ಷ ನಷ್ಟ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಪ್ರಾಜೆಕ್ಟ್ ಎಷ್ಟೇ ತಡವಾದರೂ, ಮುಗಿದ ದಿನ ಈ ಇಂಡೆಕ್ಸ್ 1 ಆಗೇ ಆಗುತ್ತದೆ. ಯೋಜನೆಯ ಮೊತ್ತ 12ನೇ ತಿಂಗಳಿಗೆ 600ಕ್ಕೆ ಬಂದು ನಿಂತುಬಿಡುತ್ತದೆ. ಮುಗಿದ ಕೆಲಸ ನಿಧಾನಕ್ಕೆ ಹಿಂದಿನಿಂದ ಬಂದು ಅದನ್ನು ಮುಟ್ಟುತ್ತದೆ. ಗಡುವು ದಾಟಿದ ಮೇಲೆ ತಿಂಗಳು ತಿಂಗಳೂ ಸಂಖ್ಯೆ ಚೆನ್ನಾಗಿ ಕಾಣುತ್ತಾ ಹೋಗುತ್ತದೆ. ಸುಧಾರಿಸ್ತಿದೆ ಅಂತ ಬೋರ್ಡಿನಲ್ಲಿ ಯಾರಾದರೂ ಖುಷಿಪಟ್ಟರೆ ತಪ್ಪು ಅವರದಲ್ಲ.

ಅದರ ಬದಲು ತಡವನ್ನು ವಾರದಲ್ಲಿ ಹೇಳಿದೆ. ವಾಲ್ಟ್ ಲಿಪ್ಕೆ 2003ರಲ್ಲಿ ಮುಂದಿಟ್ಟ ಅರ್ನ್ಡ್ ಶೆಡ್ಯೂಲ್ ಲೆಕ್ಕ ಇದು, ತುಂಬ ಸುಲಭ. ನಮ್ಮ ಯೋಜನೆ 270 ಲಕ್ಷವನ್ನು ಯಾವಾಗ ಮುಟ್ಟಬೇಕಿತ್ತು ಅಂತ ನೋಡಿದೆ. ಐದನೇ ತಿಂಗಳ ಕೊನೆಗೆ 240, ಆರನೇ ತಿಂಗಳ ಕೊನೆಗೆ 300. ಅಂದರೆ 270 ಬರುವುದು ಐದೂವರೆ ತಿಂಗಳಿಗೆ. ಈಗ ಏಳು ತಿಂಗಳು ಮುಗಿದಿದೆ. ಒಂದೂವರೆ ತಿಂಗಳು, ಸುಮಾರು ಆರು ವಾರ ಹಿಂದೆ. ವಾರ ಅಂದರೆ ಯಾರಿಗೂ ವಿವರಣೆ ಬೇಡ.

ಇಲ್ಲೇ ಒಂದು ಮುಜುಗರ ಎದುರಾಯಿತು. ಶೆಡ್ಯೂಲಿನ ಕ್ರಿಟಿಕಲ್ ಪಾತ್, ಅಂದರೆ ಮುಗಿಯುವ ದಿನವನ್ನು ನಿರ್ಧರಿಸುವ ಕೆಲಸಗಳ ಸರಪಳಿ, ಹತ್ತು ವಾರ ತಡ ಅಂತ ತೋರಿಸುತ್ತಿತ್ತು. ಆರೋ ಹತ್ತೋ? ಹುಡುಕಿದಾಗ ಕಾರಣ ಸಿಕ್ಕಿತು. ಬಂಡೆಯ ಹತ್ತಿರ ಕೆಲಸ ನಿಂತಾಗ ಗುತ್ತಿಗೆದಾರರು ಸುಮ್ನೆ ಕೂರಲಿಲ್ಲ. ಕಚೇರಿ ಭಾಗದ ಪಾರ್ಟಿಷನ್, ಪೇಂಟಿಂಗ್ ಅವಧಿಗೆ ಮುಂಚೆಯೇ ಮುಗಿಸಿದ್ದರು. ಆ ಕೆಲಸಕ್ಕೂ ಅರ್ನ್ಡ್ ವ್ಯಾಲ್ಯೂ ಸಿಗುತ್ತದೆ. ಆದರೆ ಪೇಂಟ್ ಒಣಗಿದರೆ ಕನ್ವೇಯರ್ ಓಡುವುದಿಲ್ಲ. ಯಾವ ಕೆಲಸ ಯಾವುದನ್ನು ತಡೆದು ನಿಲ್ಲಿಸಿದೆ ಅನ್ನೋದು ಈ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ.

ಎರಡನ್ನೂ ಬರೆದೆ, ಕಾರಣದ ಜೊತೆ. ಒಟ್ಟು ಕೆಲಸ ಆರು ವಾರ ಹಿಂದೆ, ಆದರೆ ಮುಗಿಯುವ ದಿನ ಹತ್ತು ವಾರ ಮುಂದಕ್ಕೆ, ಯಾಕೆಂದರೆ ಕೊನೆಯ ಮೂರು ಸಾಲಿನ ಪಾಯ ಆಗದೆ ಏನೂ ಮುಂದೆ ಹೋಗದು. ದಿನಾಂಕ ಯಾವಾಗಲೂ ಶೆಡ್ಯೂಲಿನಿಂದ ಬರಬೇಕು. ಅರ್ನ್ಡ್ ವ್ಯಾಲ್ಯೂ ಆ ದಿನಾಂಕವನ್ನು ಪ್ರಶ್ನೆ ಮಾಡಲು ಇರಲಿ.

ಇನ್ನು ಆ 270 ಬಂದದ್ದು ಎಲ್ಲಿಂದ? ಬೋರ್ಡಿನಲ್ಲಿ ಯಾರಾದರೂ ಕೇಳಲೇಬೇಕಾದ ಪ್ರಶ್ನೆ. ನನ್ನ ಅನುಭವದಲ್ಲಿ ಕೇಳುವವರು ಕಡಿಮೆ, ಹಾಗಾಗಿ ನಾನೇ ಬರೆದುಬಿಡುತ್ತೇನೆ. ಕನ್ವೇಯರ್ ಅಳವಡಿಕೆಗೆ ಒಂದು ಸಾಲಿಗೆ 12 ಲಕ್ಷ, ಎಂಟು ಸಾಲಿಗೆ 96. ಗುತ್ತಿಗೆದಾರರನ್ನು ಕೇಳಿದರೆ "ಅರ್ಧ ಆಗಿದೆ ಸಾರ್" ಅಂದರು. ಅಂದರೆ 48. ಹೋದ ತಿಂಗಳೂ ಅರ್ಧವೇ ಆಗಿತ್ತು! ಅಂದಾಜಿನ ಶೇಕಡಾ ಹೀಗೇ, ಕೇಳಿದವರ ಮುಖ ನೋಡಿ ಏರುತ್ತದೆ, ಇಳಿಯುತ್ತದೆ.

ನಾವು ಮೊದಲೇ ಒಂದು ನಿಯಮ ಮಾಡಿಕೊಂಡಿದ್ದೆವು. ಚೌಕಟ್ಟು ಪೂರ್ತಿ ನಿಂತರೆ ಆ ಸಾಲಿನ ಶೇ 40, ಮೋಟಾರ್ ಮತ್ತು ವೈರಿಂಗ್ ಮುಗಿದರೆ ಶೇ 30, ಟ್ರಯಲ್ ಓಡಿ ಸಹಿ ಬಿದ್ದರೆ ಉಳಿದ ಶೇ 30. ಅರ್ಧ ನಿಂತ ಚೌಕಟ್ಟಿಗೆ ಸೊನ್ನೆ. ಆ ಲೆಕ್ಕದಲ್ಲಿ ಐದು ಚೌಕಟ್ಟಿಗೆ 24 ಲಕ್ಷ, ಅವುಗಳಲ್ಲಿ ಎರಡಕ್ಕೆ ವೈರಿಂಗ್ ಆಗಿದ್ದಕ್ಕೆ 7.2 ಲಕ್ಷ, ಟ್ರಯಲ್ ಒಂದೂ ಇಲ್ಲ. ಒಟ್ಟು ಸುಮಾರು 31. ಬಾಯಿಮಾತಿನ 48ಕ್ಕೂ ಇದಕ್ಕೂ 17 ಲಕ್ಷ ವ್ಯತ್ಯಾಸ, ಒಂದೇ ಬಾಬ್ತಿನಲ್ಲಿ. ಈ ನಿಯಮ ತುಸು ಕಟುವಾದದ್ದೇ. ನಡುವೆ ನಿಂತ ಕೆಲಸಕ್ಕೆ ಬೆಲೆ ಸಿಗದು ಅಂತ ಗುತ್ತಿಗೆದಾರರು ಗೊಣಗಿದರು. ಆದರೆ ಇಂಥ ಲೆಕ್ಕವನ್ನು ಸೈಟಿಗೆ ಹೋಗಿ ಎಣಿಸಿ ಪರೀಕ್ಷಿಸಬಹುದು.

ಖರ್ಚಿನ ಸಂಖ್ಯೆಯಲ್ಲಿ ನಾನೇ ಎಡವಲಿದ್ದೆ. ಲೆಕ್ಕಪತ್ರ ವಿಭಾಗದ ಪುಸ್ತಕದಲ್ಲಿ 290 ಲಕ್ಷ ಇತ್ತು, ಮೊದಲು ಅದನ್ನೇ ಹಾಕಿದ್ದೆ. 270ರ ಕೆಲಸಕ್ಕೆ 290, ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ಅನುಮಾನ ಬಂದದ್ದು ಬಂಡೆಯಿಂದ. ಬಂಡೆ ಒಡೆದು ಒಂದು ತಿಂಗಳಾಗಿದೆ, ಅದರ ಖರ್ಚು ಪುಸ್ತಕದಲ್ಲಿ ಎಲ್ಲೂ ಕಾಣುತ್ತಿಲ್ಲ. ಗುತ್ತಿಗೆದಾರರು ಬಿಲ್ಲನ್ನೇ ಕೊಟ್ಟಿರಲಿಲ್ಲ. ಆ 40 ಲಕ್ಷ ಸೇರಿಸಿದ ಮೇಲೆ 330 ಆಯಿತು. ಕೆಲಸವನ್ನು ಈ ತಿಂಗಳು ಎಣಿಸಿ, ಅದರ ಬಿಲ್ಲನ್ನು ಮುಂದಿನ ತಿಂಗಳು ಎಣಿಸಿದರೆ, ಈ ತಿಂಗಳು ಎಲ್ಲ ಚಂದ ಕಂಡು ಮುಂದಿನ ತಿಂಗಳು ದಿಢೀರ್ ಕುಸಿಯುತ್ತದೆ. ಬೋರ್ಡಿಗೆ ಪುಸ್ತಕದ 290 ಕೂಡ ಬೇರೆ ವರದಿಯಲ್ಲಿ ಹೋಗುತ್ತದೆ. ಅದಕ್ಕೇ ಪುಟದ ಕೆಳಗೆ ಬರೆದೆ: ಪುಸ್ತಕದಲ್ಲಿ 290, ಬಿಲ್ ಬರಬೇಕಾದದ್ದು 40.

ಕೊನೆಗೆ ಎಷ್ಟಾಗಬಹುದು? ಹೆಚ್ಚಾದ 60ರಲ್ಲಿ ಬಂಡೆಯದು 40, ಅದು ಒಂದು ಸಲದ ಖರ್ಚು. ಉಳಿದ 20 ಕ್ರೇನು ಮತ್ತು ಅಳವಡಿಸುವ ತಂಡ ಕಾದು ಕೂತದ್ದಕ್ಕೆ ಹೋದದ್ದು. ಪಾಯ ಆಗುವವರೆಗೆ ಅದು ಮತ್ತೆ ಬರಬಹುದು. ಉಳಿದ ಕೆಲಸವೆಲ್ಲ ಬಜೆಟ್ ದರದಲ್ಲೇ ಆದರೆ 660. ಈವರೆಗಿನಂತೆಯೇ ಸಾಗಿದರೆ 600 ಗುಣಿಸು 330 ಭಾಗಿಸು 270, ಸುಮಾರು 733. ತಂಡ ಉಳಿದ ಬಾಬ್ತುಗಳನ್ನು ಒಂದೊಂದಾಗಿ ಮತ್ತೆ ಅಂದಾಜು ಮಾಡಿ ಕೊಟ್ಟದ್ದು 695. ಮೂರನ್ನೂ ಬರೆದು, ನಮ್ಮ ಅಂದಾಜು 695 ಅಂದೆ. 660ರ ಪಕ್ಕದಲ್ಲಿ "ನಾಳೆಯಿಂದ ಒಂದೂ ತೊಂದರೆ ಆಗದಿದ್ದರೆ" ಅಂತ ಸೇರಿಸಿದೆ. ಇಲ್ಲದಿದ್ದರೆ ಎಲ್ಲರೂ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಮೀಟಿಂಗಿನಲ್ಲಿ ಆ ಪುಟಕ್ಕೆ ಹತ್ತು ನಿಮಿಷ ಹಿಡಿಯಿತು. ಅಧ್ಯಕ್ಷರು ಕೇಳಿದ್ದು ಒಂದೇ, ಒಂದು ಸಂಖ್ಯೆ ಹೇಳಬಾರದಾ ಅಂತ. ನಾನು ಬಾಯಿ ತೆಗೆಯುವ ಮೊದಲೇ ಆ ಮೇಡಂ ಉತ್ತರ ಕೊಟ್ಟರು: "ಪಾಯ ಮುಗಿಯೋವರೆಗೂ ಒಂದೇ ಸಂಖ್ಯೆ ಹೇಳಿದ್ರೆ ಅದು ಸುಳ್ಳಾಗುತ್ತೆ ಸರ್." ಕ್ರೇನನ್ನು ವಾಪಸ್ ಕಳಿಸಿ, ಪಾಯ ಸಿದ್ಧವಾದ ಮೇಲೆ ಮತ್ತೆ ಕರೆಸುವ ನಿರ್ಧಾರ ಅಲ್ಲೇ ಆಯಿತು. ಮುಂದಿನ ತಿಂಗಳ ವರದಿ ಕಳಿಸಿದ ಸಂಜೆ ಅವರದೇ ಫೋನ್ ಬಂತು. ಇನ್ನೂ ಆರು ವಾರವೇ ಹಿಂದಿದ್ದೀರಿ, ಸರಿ, ಟ್ರಯಲ್ ಓಡಿದ ಸಾಲು ಯಾವುದು ಅಂತ ಕೇಳಿದರು. ಮೂರನೇದು ಅಂದೆ. "ಸಹಿ ಬಿದ್ದಿದೆ ತಾನೇ?"